ಕಸಿ ಶಿಬಿರದ ಸೀಟು ಕ್ಯಾನ್ಸಲ್ ಆದರೆ ಎಷ್ಟು ವಾಪಸ್ ಕೊಡೋದು?

«ಜೂನ್ 20, 21ಕ್ಕೆ ಹಲಸು, ಮಾವಿನ ಕಸಿ ಶಿಬಿರ ಇಟ್ಟುಕೊಂಡಿದ್ದೇವೆ. 40 ಸೀಟು, ತಲಾ 2,000 ರೂಪಾಯಿ, ಊಟ ವಸತಿ ಸೇರಿ. ಹೋದ ಸಲ ಕೊನೇ ಎರಡು ದಿನದಲ್ಲಿ 9 ಜನ ಬರಲ್ಲ ಅಂದರು, ಪೂರ್ತಿ ದುಡ್ಡು ಕೇಳಿದರು, ಮನಸ್ತಾಪ ಆಯಿತು. ಈ ಸಲ ಯಾವ ದಿನದವರೆಗೆ ಎಷ್ಟು ವಾಪಸ್ ಅಂತ ಮೊದಲೇ ಬರೆದಿಡಬೇಕು. ಹೇಗೆ ಬರೆಯೋದು?»

ಪರ್ಸೆಂಟ್ ಲೆಕ್ಕದಿಂದ ಶುರು ಮಾಡಬೇಡಿ. ನಿಮ್ಮ ಕೈಯಿಂದ ದುಡ್ಡು ಯಾವ ದಿನ ಹೊರಗೆ ಹೋಗುತ್ತದೆ ಅಂತ ನೋಡಿ. ಆ ದಿನಗಳೇ ನಿಮ್ಮ ಗಡುವು.

ನೀವು ಪ್ರಶ್ನೆಯ ಜೊತೆ ಕಳಿಸಿದ ಖರ್ಚಿನ ಪಟ್ಟಿಯನ್ನೇ ತಲಾ ಲೆಕ್ಕಕ್ಕೆ ಇಳಿಸಿದೆ. ಹಾಲ್ ಮತ್ತು ಮಲಗುವ ಜಾಗಕ್ಕೆ 12,000, ಅಂದರೆ ತಲೆಗೆ 300. ಕಲಿಸಲು ಬರುವ ಇಬ್ಬರಿಗೆ 16,000, ತಲೆಗೆ 400. ಒಬ್ಬರಿಗೆ ಹತ್ತು ಸಸಿಗೆ 200, ಚಾಕು, ಟೇಪು, ಪ್ಲಾಸ್ಟಿಕ್ ಟೋಪಿ ಇರುವ ಕಿಟ್‌ಗೆ 250. ಊಟಕ್ಕೆ 600. ಆನ್‌ಲೈನ್ ಪೇಮೆಂಟ್‌ಗೆ 2 ಪರ್ಸೆಂಟ್ ಮತ್ತು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 47 ರೂಪಾಯಿ. ನೀವು ದುಡ್ಡು ವಾಪಸ್ ಹಾಕಿದರೂ ಈ 47 ಸಾಮಾನ್ಯವಾಗಿ ನಿಮಗೆ ವಾಪಸ್ ಬರಲ್ಲ. ಉಳಿದ ಇನ್ನೂರು ಚಿಲ್ಲರೆ ಖರ್ಚಿಗೆ.

ಇದರಲ್ಲಿ ಹಾಲ್ ಮತ್ತು ಕಲಿಸುವವರ ಖರ್ಚು ಒಬ್ಬರು ಬಾರದಿದ್ದರೂ ಉಳಿಯಲ್ಲ. ಉಳಿದದ್ದು ಎರಡು ದಿನಗಳ ಮೇಲೆ ನಿಂತಿದೆ. ನರ್ಸರಿಗೆ ಸಸಿ ಲೆಕ್ಕ ಕೊಡುವುದು ಜೂನ್ 5, ಶುಕ್ರವಾರ. ಅಡುಗೆಯವರಿಗೆ ತಲೆ ಲೆಕ್ಕ ಹೇಳುವುದು ಜೂನ್ 17, ಬುಧವಾರ ಸಂಜೆ. ಗುರುವಾರ ಅವರು ತರಕಾರಿ ತರುತ್ತಾರೆ, ಆಮೇಲೆ ಊಟದ ದುಡ್ಡೂ ಹೋದಹಾಗೆ. ಹಾಗಾಗಿ ನಿಮಗೆ ಎರಡೇ ಗಡುವು ಸಾಕು.

ಜೂನ್ 5 ಸಂಜೆ 6 ಗಂಟೆಯೊಳಗೆ ತಿಳಿಸಿದರೆ 1,950 ವಾಪಸ್. ಆ ಸೀಟು ತುಂಬಲು ನಿಮಗೆ ಇನ್ನೂ ಎರಡು ವಾರ ಇರುತ್ತದೆ. ಅಲ್ಲಿಂದ ಜೂನ್ 17 ಸಂಜೆ 6ರವರೆಗೆ 800 ವಾಪಸ್. ಊಟದ 600, ಚಿಲ್ಲರೆಯ 200, ನಿಮಗೆ ನಿಜವಾಗಿ ಉಳಿಯುವುದು ಇಷ್ಟೇ. ಆದರೆ ಅವರ ಜಾಗಕ್ಕೆ ವೇಟಿಂಗ್ ಲಿಸ್ಟ್‌ನಿಂದ ಒಬ್ಬರು ಬಂದು ದುಡ್ಡು ಕಟ್ಟಿದರೆ ಅವರಿಗೂ 1,950 ಕೊಡಿ. ನಿಮಗೆ ನಷ್ಟ ಇಲ್ಲದಿದ್ದಾಗ ಹಿಡಿದುಕೊಳ್ಳುವುದು ಸರಿಯಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಕೂಡ ಕರಾರು ಮುರಿದಾಗ ನ್ಯಾಯವಾದಷ್ಟು ಪರಿಹಾರ ಅಂತಲೇ ಹೇಳುತ್ತದೆ, ಬಾಯಿಗೆ ಬಂದಷ್ಟು ದಂಡ ಅಂತ ಅಲ್ಲ.

ಜೂನ್ 17ರ ನಂತರ ದುಡ್ಡು ವಾಪಸ್ ಇಲ್ಲ. ಆದರೆ ಇಲ್ಲೊಂದು ಸಂಗತಿ ಇದೆ. ಏನೂ ಸಿಗಲ್ಲ ಅಂದರೆ ಜನ ಬರಲ್ಲ ಅಂತ ಹೇಳುವುದನ್ನೇ ಬಿಡುತ್ತಾರೆ. ಭಾನುವಾರ ಮಧ್ಯಾಹ್ನ ಎಂಟು ಎಲೆ ಖಾಲಿ ಉಳಿದು, ಹಂಡೆಯಲ್ಲಿ ಸಾಂಬಾರು ಹಾಗೇ ಇದ್ದದ್ದನ್ನು ನಾನು ನೋಡಿದ್ದೇನೆ. ಅದಕ್ಕೆ ಈ ಹಂತದಲ್ಲೂ ಎರಡು ಅವಕಾಶ ಇಡಿ. ಶುಕ್ರವಾರ ರಾತ್ರಿ 8ರವರೆಗೆ ಸೀಟನ್ನು ಬೇರೆಯವರ ಹೆಸರಿಗೆ ಮಾಡಿಕೊಡಬಹುದು. ಅದೂ ಆಗದಿದ್ದರೆ, ಬರಲ್ಲ ಅಂತ ತಿಳಿಸಿದವರು ತಮ್ಮ ಹತ್ತು ಸಸಿ ಮತ್ತು ಕಿಟ್ ಆಮೇಲೆ ಬಂದು ತೆಗೆದುಕೊಂಡು ಹೋಗಬಹುದು. ಅವರ ದುಡ್ಡಿನಲ್ಲೇ ತಂದದ್ದು ಅಲ್ವಾ?

ಮೊದಲ ಹಂತದಲ್ಲಿ ಕೈ ಬಿಗಿ ಮಾಡಬೇಡಿ. ಅಲ್ಲೇ 25 ಪರ್ಸೆಂಟ್ ಹಿಡಿದರೆ, "ನೋಡೋಣ, ಕೊನೆಗೆ ಹೋಗಲೂಬಹುದು" ಅಂತ ಅನುಮಾನದಲ್ಲಿರುವವರು ಸೀಟು ಹಿಡಿದೇ ಕೂರುತ್ತಾರೆ. ಬೇಗ ಹೇಳಿದವರಿಗೆ ಜಾಸ್ತಿ ಸಿಕ್ಕರೆ ಮಾತ್ರ ಬೇಗ ಹೇಳುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಬೇರೆಯವರು ಬರೆದ ಮಾತುಗಳು. ರೈಲ್ವೆಯ ಹಾಗೆ ಮಾಡಿ ಅಂದ ಅಣ್ಣನ ಮಾತು ಅರ್ಧ ಸರಿ. 2015ರ ರೈಲ್ವೆ ನಿಯಮದಲ್ಲಿ 48 ಗಂಟೆ, 12 ಗಂಟೆ, 4 ಗಂಟೆ ಅಂತ ಹಂತಗಳಿದ್ದವು, ನಡುವೆ 25 ಮತ್ತು 50 ಪರ್ಸೆಂಟ್ ಕಡಿತ. ಹಂತ ಇಡುವ ರೀತಿ ಕಲಿಯಬಹುದು, ಆದರೆ ಗಂಟೆಗಳನ್ನು ನಕಲು ಮಾಡಬೇಡಿ. ಅಲ್ಲಿ ಕಾದು ನಿಂತ ವೇಟಿಂಗ್ ಲಿಸ್ಟ್ ಇರುತ್ತದೆ, 12 ಗಂಟೆ ಮೊದಲು ಬಿಟ್ಟ ಸೀಟೂ ತುಂಬುತ್ತದೆ. ನಿಮ್ಮ ಶಿಬಿರಕ್ಕೆ ಶುಕ್ರವಾರ ರಾತ್ರಿ ಫೋನ್ ಮಾಡಿದರೆ ಶನಿವಾರ ಬೆಳಿಗ್ಗೆ ಬ್ಯಾಗು ಹಿಡಿದು ಯಾರು ಬರುತ್ತಾರೆ?

ನರ್ಸರಿಯಲ್ಲಿ ಕಸಿ ಗಿಡ ಸತ್ತರೆ ದುಡ್ಡು ವಾಪಸ್ ಕೊಡಬೇಕಾ ಅಂತ ಕೇಳಿದ ಅಕ್ಕ, ಅದು ಬೇರೆ ವಿಷಯ, ದಯವಿಟ್ಟು ಬೇರೆ ಪೋಸ್ಟ್ ಹಾಕಿ, ಅಲ್ಲಿ ಬರೆಯುತ್ತೇನೆ.

ಕಸಿ ಕಡ್ಡಿಗೆ ಎಲೆ ಸವರುವ ದಿನವನ್ನೂ ಗಡುವು ಮಾಡಿ ಅಂತ ಒಬ್ಬರು ಬರೆದಿದ್ದಾರೆ. ಕಸಿ ಬಲ್ಲವರ ಮಾತು ಅದು. ವಾರ, ಹತ್ತು ದಿನ ಮೊದಲೇ ಎಲೆ ಸವರಿ ಮೊಗ್ಗು ಉಬ್ಬಲು ಬಿಡಬೇಕು, ಎಷ್ಟು ಕಡ್ಡಿ ಬೇಕು ಅಂತ ಆಗಲೇ ಗೊತ್ತಿರಬೇಕು. ಆದರೆ ನಾಲ್ಕು ಕಡ್ಡಿ ಹೆಚ್ಚಾದರೆ ನಷ್ಟ ಏನೂ ಇಲ್ಲ. ಒಂದೊಂದು ಗಡುವು ಹೆಚ್ಚಾದಾಗಲೂ ಅದರ ಅಂಚಿನಲ್ಲಿ ಇನ್ನೊಂದು ವಾದ ಹುಟ್ಟುತ್ತದೆ. ದುಡ್ಡು ದೊಡ್ಡದಾಗಿ ಹೋಗುವ ಕಡೆ ಮಾತ್ರ ಗೆರೆ ಎಳೆಯಿರಿ.

ಅಂಚಿನ ವಾದ ನನಗೇ ಆಗಿದೆ. ನಮ್ಮ ಅಣಬೆ ಶಿಬಿರಕ್ಕೆ "ಏಳು ದಿನ ಮೊದಲು" ಅಂತ ಬರೆದಿದ್ದೆ. ಹಿಂದಿನ ಶನಿವಾರ ರಾತ್ರಿ 11.40ಕ್ಕೆ ಒಬ್ಬರು ಗುಂಪಿನಲ್ಲಿ "ನಾನು ಬರೋದು ಡೌಟು" ಅಂತ ಹಾಕಿದರು. ಅದು ಏಳನೇ ದಿನವಾ, ಆರನೇ ದಿನವಾ? ಡೌಟು ಅಂದರೆ ಕ್ಯಾನ್ಸಲ್ಲಾ? ಅವರು ಹೇಳಿದ್ದಕ್ಕೂ ಆಧಾರ ಇತ್ತು, ನಾನು ಹೇಳಿದ್ದಕ್ಕೂ ಇತ್ತು. ಕೊನೆಗೆ ಪೂರ್ತಿ ಕೊಟ್ಟೆ, ಬರೆದದ್ದು ಸರಿಯಿರಲಿಲ್ಲ. ಆದ್ದರಿಂದ ತಾರೀಕು, ವಾರ, ಗಂಟೆ ಮೂರನ್ನೂ ಹಾಕಿ. ಒಂದೇ ನಂಬರಿಗೆ ಮೆಸೇಜು ಬರಬೇಕು, ಮೆಸೇಜು ಬಂದ ಹೊತ್ತೇ ಲೆಕ್ಕ ಅಂತ ಬರೆಯಿರಿ. ಜೂನ್ 5ರ ನಂತರ ಸೇರುವವರಿಗೆ ಮೊದಲ ಹಂತ ಮುಗಿದಿರುತ್ತದೆ. ದುಡ್ಡು ಕಟ್ಟುವ ಮೊದಲೇ ಅದನ್ನು ಅವರಿಗೆ ಹೇಳಿ.

ನೀವೇ ಶಿಬಿರ ನಿಲ್ಲಿಸಿದರೆ ಪೂರ್ತಿ 2,000 ಕೊಡಬೇಕು, 47 ನಿಮ್ಮ ಕೈಯಿಂದ. ಜೂನ್‌ನಲ್ಲಿ ಮಲೆನಾಡಿನ ಮಳೆ ಗೊತ್ತಲ್ಲ, ಈ ಸಾಲು ಬಿಡಬೇಡಿ. ಏಳು ದಿನದೊಳಗೆ ಹಾಕುತ್ತೇವೆ ಅಂತ ದಿನವನ್ನೂ ಬರೆಯಿರಿ. ತಾರೀಕು ಮುಂದೆ ಹಾಕಿದರೂ ಬರಲಾಗದವರಿಗೆ ಪೂರ್ತಿ ವಾಪಸ್. ಇದಕ್ಕಾಗಿ ಜೂನ್ 5ರವರೆಗೆ ಬಂದ ದುಡ್ಡಿನಲ್ಲಿ ಹಾಲ್ ಅಡ್ವಾನ್ಸ್ ಬಿಟ್ಟು ಬೇರೇನೂ ಮುಟ್ಟಬೇಡಿ.

ಫಾರ್ಮ್‌ನಲ್ಲಿ, ದುಡ್ಡು ಕಟ್ಟುವ ಜಾಗದ ಮೇಲೆ ಇಷ್ಟು ಹಾಕಿ:

"ಜೂನ್ 5, ಶುಕ್ರವಾರ ಸಂಜೆ 6ರೊಳಗೆ ತಿಳಿಸಿದರೆ 1,950 ವಾಪಸ್. ಜೂನ್ 17, ಬುಧವಾರ ಸಂಜೆ 6ರೊಳಗೆ 800, ನಿಮ್ಮ ಸೀಟು ಬೇರೆಯವರು ತೆಗೆದುಕೊಂಡರೆ 1,950. ಆಮೇಲೆ ದುಡ್ಡು ವಾಪಸ್ ಇಲ್ಲ. ಜೂನ್ 19, ಶುಕ್ರವಾರ ರಾತ್ರಿ 8ರವರೆಗೆ ಸೀಟು ಬೇರೆಯವರಿಗೆ ಕೊಡಬಹುದು. ತಿಳಿಸಿ ಬಾರದವರ ಸಸಿ, ಕಿಟ್ ಎತ್ತಿಟ್ಟಿರುತ್ತೇವೆ. ಶಿಬಿರ ನಾವು ನಿಲ್ಲಿಸಿದರೆ 7 ದಿನದೊಳಗೆ ಪೂರ್ತಿ 2,000."

ಆಸ್ಪತ್ರೆ, ಸಾವು ಇಂಥದ್ದಕ್ಕೆ ಏನು ಮಾಡೋದು ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ನಿಯಮದಲ್ಲಿ ಬರೆಯಬಾರದು, ಬಂದಾಗ ಇಬ್ಬರು ಕೂತು ತೀರ್ಮಾನ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಚೀಟಿ ತೋರಿಸಿ ಅಂತ ಕೇಳಲು ನನಗೆ ಮನಸ್ಸು ಬರಲ್ಲ. ನನ್ನ ಜೊತೆ ಶಿಬಿರ ನಡೆಸುವ ತಂಗಿ ಇದನ್ನು ಒಪ್ಪಲ್ಲ. ಬರೆಯದಿದ್ದರೆ ಪರಿಚಯದವರಿಗೊಂದು, ಹೊಸಬರಿಗೊಂದು ಆಗುತ್ತದೆ ಅನ್ನುತ್ತಾಳೆ. ನೀವು ಹೋದ ಸಲದ ಆ 9 ಜನರಲ್ಲಿ ಎಷ್ಟು ಜನರ ಕಾರಣ ಇಂಥದ್ದಾಗಿತ್ತು, ನೋಡಿ ಹೇಳಿ.