ಬೇರೆ ಸಮಯವಲಯದಿಂದ ಆನ್‌ಲೈನ್ ಪ್ರಮಾಣಪತ್ರ ಪರೀಕ್ಷೆ: ದಿನಾಂಕ ಬದಲಿಸುವ ಗಡುವು

ಪ್ರಶ್ನೆ: ಬರ್ಲಿನ್ ಸಮಯದಲ್ಲಿ ಸೋಮವಾರ ಬೆಳಿಗ್ಗೆ 10ಕ್ಕೆ ಪರೀಕ್ಷೆ ಕಾಯ್ದಿರಿಸಿದ್ದೇನೆ, ಈಗ ನ್ಯೂಯಾರ್ಕ್‌ನಲ್ಲಿದ್ದೇನೆ. ಯಾವಾಗಿನವರೆಗೆ ದಿನಾಂಕ ಬದಲಿಸಬಹುದು?

ಗಡುವನ್ನು ಲೆಕ್ಕ ಹಾಕುವುದು ಕಾಯ್ದಿರಿಸಿದ ಸಮಯದಿಂದಲೇ ಹೊರತು ನೀವಿರುವ ಊರಿನ ಗಡಿಯಾರದಿಂದಲ್ಲ. ನಿಮ್ಮ ಪರೀಕ್ಷೆ ನ್ಯೂಯಾರ್ಕ್‌ನಲ್ಲಿ ಸೋಮವಾರ ನಸುಕಿನ 4ಕ್ಕೆ ಬರುತ್ತದೆ. ಆದ್ದರಿಂದ ಮೈಕ್ರೋಸಾಫ್ಟ್ ಪರೀಕ್ಷೆಗಳಂತೆ 24 ಗಂಟೆಗಳ ನಿಯಮವಿದ್ದರೆ ಅವಕಾಶ ಭಾನುವಾರ ನಸುಕಿನ 4ಕ್ಕೇ ಮುಗಿಯುತ್ತದೆ, ಮತ್ತು ಭಾನುವಾರ ಬೆಳಿಗ್ಗೆ ಎದ್ದು ಬದಲಿಸೋಣವೆಂದುಕೊಂಡವರು ಪೂರ್ತಿ ಶುಲ್ಕವನ್ನು ಕಳೆದುಕೊಳ್ಳುತ್ತಾರೆ. ಶನಿವಾರ ರಾತ್ರಿಯೇ ಬದಲಿಸುವುದು ಕ್ಷೇಮ.

ಮಾರ್ಚ್‌ನಲ್ಲಿ ಅಮೆರಿಕ ಯುರೋಪಿಗಿಂತ ಮೊದಲೇ ಗಡಿಯಾರವನ್ನು ಮುಂದಿಡುವುದರಿಂದ ಕೆಲವು ವಾರ ಈ ಅಂತರ ಆರರ ಬದಲು ಐದು ಗಂಟೆಯಾಗುತ್ತದೆ ಎಂಬುದನ್ನೂ ಗಮನಿಸಿ. ಗಡುವಿನೊಳಗಿನ ಬದಲಾವಣೆಗೂ ಕೆಲವು ಸಂಸ್ಥೆಗಳು ಶುಲ್ಕ ವಿಧಿಸುವುದರಿಂದ, ದೃಢೀಕರಣ ಇಮೇಲ್‌ನಲ್ಲಿರುವ ನಿಯಮವನ್ನೂ ಸಮಯವಲಯದ ಹೆಸರನ್ನೂ ಒಟ್ಟಿಗೇ ಓದಿಕೊಳ್ಳಿ.