ಶುಗರ್ ಇರುವ ಅಪ್ಪನ ಜೊತೆ ಪ್ರವಾಸ: ಮಾತ್ರೆ ಯಾವಾಗ?

ಅಪ್ಪ ಬೆಳಗ್ಗೆ 8ಕ್ಕೆ ಗ್ಲಿಮೆಪಿರೈಡ್ ತಗೊಂಡು ತಿಂಡಿ ತಿನ್ನುತ್ತಾರೆ. ಕಾರಲ್ಲಿ ಬೆಂಗಳೂರಿಂದ ಧರ್ಮಸ್ಥಳಕ್ಕೆ ಹೋಗುವ ದಿನ ಮಾತ್ರೆ ಯಾವಾಗ ಕೊಡಲಿ?

ಗಡಿಯಾರ ನೋಡಬೇಡಿ, ತಿಂಡಿ ತಟ್ಟೆ ಎದುರಿಗೆ ಬಂದ ಮೇಲೆ ಕೊಡಿ. ಈ ಮಾತ್ರೆ ಊಟ ಬಂದರೂ ಬಾರದಿದ್ದರೂ ದೇಹದಲ್ಲಿ ಇನ್ಸುಲಿನ್ ಬಿಡುಗಡೆಯಾಗುವಂತೆ ಮಾಡುತ್ತದೆ. ಹೊಟ್ಟೆ ಖಾಲಿ ಇದ್ದರೆ ಶುಗರ್ ಸರ್ರನೆ ಇಳಿಯುತ್ತದೆ. ಶುಗರಿನ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುತ್ತಿದ್ದರೆ ಈ ಭಯ ತೀರಾ ಕಡಿಮೆ.

6ಕ್ಕೆ ಹೊರಟರೆ ಹಾಸನ ತಲುಪುವಾಗ ಒಂಬತ್ತೂವರೆ ಆಗಬಹುದು. ತಿಂಡಿ ಅಲ್ಲೇ, ಮಾತ್ರೆಯೂ ಅಲ್ಲೇ. ಅದನ್ನು ಮುಗಿಸಿಯೇ ಶಿರಾಡಿ ಘಾಟಿ ಇಳಿಯಿರಿ. ಮಳೆಗಾಲದಲ್ಲಿ ಅಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಊಟ ಎಷ್ಟೊತ್ತಿಗೋ! ಅದಕ್ಕೇ ಎರಡು ಚಪಾತಿ ಕಟ್ಟಿಕೊಳ್ಳಿ. ದೇವಸ್ಥಾನದ ಕ್ಯೂ ಕೂಡ ಲೆಕ್ಕದಲ್ಲಿರಲಿ.

ಅಪ್ಪ ಬೆವರಿ, ಕೈ ನಡುಗಿ, ಸುಮ್ನೆ ಸಿಡುಕತೊಡಗಿದರೆ ಶುಗರ್ ಇಳಿದಿರಬಹುದು. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.