ಕೊಟ್ಟ ಅಧಿಕಾರ, ಕಂಡ ಅಧಿಕಾರ

*ಸಂಪಾದಕರೇ, ನಮ್ಮದು ನೀರಿನ ಪಂಪು ತಯಾರಿಸುವ ಕಂಪನಿ. 10% ಮೇಲೆ ಡಿಸ್ಕೌಂಟ್ ಕೊಡಬಾರದು, 30 ದಿನ ಮೀರಿ ಸಾಲ ಬಿಡಬಾರದು ಅಂತ ಸೇಲ್ಸ್ ಮ್ಯಾನೇಜರ್‌ಗೆ ಬರವಣಿಗೆಯಲ್ಲೇ ಹೇಳಿದ್ದೆವು. ಹೋದ ವಾರ ಅವರು ಹೊಸ ಗಿರಾಕಿಯೊಬ್ಬರಿಗೆ 400 ಪಂಪು, 18% ಡಿಸ್ಕೌಂಟ್, 90 ದಿನ ಸಾಲ ಅಂತ ಆರ್ಡರಿಗೆ ಸಹಿ ಹಾಕಿದ್ದಾರೆ. ಅದೇ ದಿನ ಬೇರೆ ಕಾಗದದಲ್ಲಿ, ಮೂರು ವರ್ಷ ಆ ಪ್ರದೇಶದಲ್ಲಿ ನಿಮ್ಮನ್ನು ಬಿಟ್ಟು ಯಾರಿಗೂ ಮಾರುವುದಿಲ್ಲ ಅಂತಲೂ ಬರೆದುಕೊಟ್ಟಿದ್ದಾರೆ. 'ಡೈರೆಕ್ಟರ್ ಒಪ್ಪಿದ್ದಾರೆ' ಅಂದರಂತೆ. ಡೈರೆಕ್ಟರ್ ನಾನೇ, ನನ್ನನ್ನು ಯಾರೂ ಕೇಳಿಲ್ಲ. ಈ ಸಹಿಗಳಿಗೆ ನಾವು ಬದ್ಧರೇ?*

ಪಂಪುಗಳು ಇನ್ನೂ ಲಾರಿ ಹತ್ತಿಲ್ಲ ಅಲ್ವಾ? ಹತ್ತಿಲ್ಲವಾದರೆ ಇದನ್ನು ಓದಿ ಮುಗಿಸುವ ತನಕ ಹತ್ತಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀವು ಮ್ಯಾನೇಜರ್‌ಗೆ ಕೊಟ್ಟದ್ದು ವಾಸ್ತವ ಅಧಿಕಾರ. ಅದು ನಿಮ್ಮಿಬ್ಬರ ನಡುವಿನ ಮಾತು, 10% ಮತ್ತು 30 ದಿನಕ್ಕೆ ಅಲ್ಲಿಗೆ ಮುಗಿಯಿತು. ಆದರೆ ಗಿರಾಕಿ ಆ ಮಾತನ್ನು ಕೇಳಿಸಿಕೊಂಡಿಲ್ಲ. ಅವರು ಕಂಡದ್ದು 'ಸೇಲ್ಸ್ ಮ್ಯಾನೇಜರ್' ಅಂತಿದ್ದ ಕಾರ್ಡು, ನಿಮ್ಮ ಹೆಸರಿದ್ದ ಆರ್ಡರ್ ಫಾರಂ, ಅದರ ಮೇಲೆ ನಿಮ್ಮ ಕಂಪನಿಯ ಸೀಲು. ಆ ಕುರ್ಚಿಯಲ್ಲಿ ಕೂತವರು ಸಾಮಾನ್ಯವಾಗಿ ಏನೇನು ಮಾಡುತ್ತಾರೋ ಅದನ್ನೆಲ್ಲ ಇವರೂ ಮಾಡಬಹುದು ಅಂತ ಅವರು ನಂಬಿದರೆ ತಪ್ಪೇನಿಲ್ಲ. ಇದು ತೋರಿಕೆಯ ಅಧಿಕಾರ. ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವರು ನೀವು, ಆದ್ದರಿಂದ ಹೊರೆಯೂ ನಿಮ್ಮದೇ.

ಈ ನಿಯಮ ಇಂಗ್ಲೆಂಡಿನ ಕೋರ್ಟುಗಳಲ್ಲಿ ಬೆಳೆದದ್ದು. 1964ರ ಒಂದು ಕೇಸಿನಲ್ಲಿ, ಆಸ್ತಿ ವ್ಯವಹಾರದ ಕಂಪನಿಯ ನಿರ್ದೇಶಕರೊಬ್ಬರು ಯಾರೂ ನೇಮಿಸದೆಯೇ ಮ್ಯಾನೇಜಿಂಗ್ ಡೈರೆಕ್ಟರ್ ಥರ ನಡೆದುಕೊಳ್ಳುತ್ತಿದ್ದರು. ಮಂಡಳಿಗೆ ಅದು ಗೊತ್ತಿತ್ತು, ಸುಮ್ನೆ ಇತ್ತು. ಅವರು ಗೊತ್ತುಮಾಡಿದ ವಾಸ್ತುಶಿಲ್ಪಿಗಳು ಶುಲ್ಕ ಕೇಳಿದಾಗ ಕಂಪನಿ ಕೈ ಎತ್ತಿತು. ಕೋರ್ಟು ಒಪ್ಪಲಿಲ್ಲ, ಕಂಪನಿಯೇ ಕೊಡಬೇಕು ಅಂದಿತು. ಆ ತೀರ್ಪಿನಲ್ಲಿ ನಿಮಗೆ ಬೇಕಾದ ಒಂದು ಮಾತಿದೆ. ಇವನಿಗೆ ಅಧಿಕಾರ ಇದೆ ಎಂಬ ತೋರಿಕೆ ಮಾಲೀಕರ ಕಡೆಯಿಂದ ಬರಬೇಕು. ಏಜೆಂಟ್ ತನಗೆ ತಾನೇ ಅಧಿಕಾರ ಹಚ್ಚಿಕೊಳ್ಳುವ ಹಾಗಿಲ್ಲ.

ಈಗ ನಿಮ್ಮ ಎರಡು ಕಾಗದಗಳನ್ನು ಬೇರೆ ಬೇರೆ ಇಟ್ಟು ನೋಡೋಣ.

ಮೊದಲನೆಯದು 400 ಪಂಪಿನ ಆರ್ಡರು. ಡಿಸ್ಕೌಂಟ್ ಕೊಡುವುದು, ಸಾಲದ ಗಡುವು ಗೊತ್ತುಮಾಡುವುದು ಸೇಲ್ಸ್ ಮ್ಯಾನೇಜರ್‌ನ ದಿನನಿತ್ಯದ ಕೆಲಸ. 18% ನಿಮಗೆ ನೋಯುತ್ತದೆ ನಿಜ, ಆದರೆ ಹೊರಗಿನವರಿಗೆ ಅದು ಅನುಮಾನ ಹುಟ್ಟಿಸುವ ಅಂಕಿಯೇ? ನಿಮ್ಮ ವ್ಯಾಪಾರದಲ್ಲಿ ಯಾರೂ 12% ದಾಟುವುದಿಲ್ಲ ಅಂತಿದ್ದರೆ ಕಥೆ ಬೇರೆ. ಇಲ್ಲದಿದ್ದರೆ ಈ ಆರ್ಡರಿಗೆ ನೀವು ಬದ್ಧರು ಅಂತಲೇ ನನಗೆ ಕಾಣುತ್ತದೆ.

ತಪ್ಪಿಸಿಕೊಳ್ಳುವ ದಾರಿ ಒಂದೇ: ಮಿತಿ ಗಿರಾಕಿಗೆ ಗೊತ್ತಿತ್ತು ಅಂತ ತೋರಿಸುವುದು. ಹಾಗಾಗಿ ಮ್ಯಾನೇಜರ್‌ನ ಇಮೇಲುಗಳನ್ನು ಹಳೆಯದರಿಂದ ಓದುತ್ತಾ ಬನ್ನಿ. '10% ಮೇಲೆ ನನ್ನ ಕೈಲಿಲ್ಲ, ಆಫೀಸಿನಲ್ಲಿ ಕೇಳಬೇಕು' ಅಂತ ಅವರೇ ಎಲ್ಲೋ ಬರೆದಿರುತ್ತಾರೆ. ಚೌಕಾಸಿ ಮಾಡುವಾಗ ಎಲ್ಲ ಮಾರಾಟಗಾರರೂ ಆಡುವ ಮಾತು ಅದು. ಆ ಒಂದು ಸಾಲು ಸಿಕ್ಕಿದರೆ ಗಿರಾಕಿಯ ನಂಬಿಕೆಗೆ ಬುಡವಿಲ್ಲ. ಆರ್ಡರ್ ಫಾರಂ ಹಿಂಬದಿಯ ಷರತ್ತುಗಳನ್ನೂ ಓದಿ. ದೊಡ್ಡ ಡಿಸ್ಕೌಂಟಿಗೆ ಡೈರೆಕ್ಟರ್ ಸಹಿ ಬೇಕು ಅಂತ ಅಲ್ಲಿ ಮೊದಲೇ ಅಚ್ಚಾಗಿದ್ದರೆ ಅದೂ ಕೆಲಸಕ್ಕೆ ಬರುತ್ತದೆ.

ಎರಡನೆಯ ಕಾಗದದಲ್ಲಿ ಕಥೆ ತಿರುಗುತ್ತದೆ. ಮೂರು ವರ್ಷ ಒಂದು ಪ್ರದೇಶವನ್ನೇ ಒಬ್ಬರಿಗೆ ಬರೆದುಕೊಡುವುದು ದಿನದ ಮಾರಾಟವಲ್ಲ. ಕಂಪನಿ ಯಾರಿಗೆ ಮಾರಬೇಕು ಅನ್ನುವುದನ್ನೇ ಅದು ಕಟ್ಟಿಹಾಕುತ್ತದೆ. ಗಿರಾಕಿಗೂ ಇದು ಹೊಳೆದಿರಬೇಕು, ಅದಕ್ಕೇ 'ಡೈರೆಕ್ಟರ್ ಒಪ್ಪಿದ್ದಾರಾ' ಅನ್ನುವ ಮಾತು ಬಂದಿದೆ. ಆ ಒಪ್ಪಿಗೆಯ ಸುದ್ದಿ ಬಂದದ್ದು ಯಾರ ಬಾಯಿಂದ? ಮ್ಯಾನೇಜರ್‌ನದೇ.

1986ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ 'ಓಷನ್ ಫ್ರಾಸ್ಟ್' ಹಡಗಿನ ಕೇಸು ಇದಕ್ಕೆ ತುಂಬ ಹತ್ತಿರ. ಹಡಗು ಮಾರಿದ ಕಂಪನಿ ಅದನ್ನೇ ಮೂರು ವರ್ಷ ಬಾಡಿಗೆಗೆ ತಗೊಳ್ಳುತ್ತದೆ ಅಂತ ಅದರ ಹಿರಿಯ ಅಧಿಕಾರಿಯೊಬ್ಬರು ಸಹಿ ಹಾಕಿದರು. ಅಷ್ಟು ದೀರ್ಘ ಬಾಡಿಗೆ ಅವರ ಮಾಮೂಲು ಅಧಿಕಾರದಲ್ಲಿಲ್ಲ ಅಂತ ಕೊಂಡವರಿಗೆ ಗೊತ್ತಿತ್ತು. ಮೇಲಿನವರ ವಿಶೇಷ ಒಪ್ಪಿಗೆ ಸಿಕ್ಕಿದೆ ಅಂತ ಅಧಿಕಾರಿಯೇ ಹೇಳಿದ್ದನ್ನು ನಂಬಿದರು. ಒಪ್ಪಿಗೆ ಸಿಕ್ಕಿರಲೇ ಇಲ್ಲ, ಲಂಚದ ವ್ಯವಹಾರವೂ ಇತ್ತು. ಕಂಪನಿ ಬದ್ಧವಲ್ಲ ಅಂತ ತೀರ್ಪು ಬಂತು.

ಇಷ್ಟಕ್ಕೇ ಉಸಿರು ಬಿಡಬೇಡಿ. 1993ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಬ್ಯಾಂಕೊಂದರ ಕೇಸಿನಲ್ಲಿ ಬೇರೆ ದಿಕ್ಕಿಗೆ ಹೋಯಿತು. ಸಾಲ ಮಂಜೂರು ಮಾಡುವ ಅಧಿಕಾರ ತನಗಿಲ್ಲ ಅಂತ ಶಾಖೆಯ ಹಿರಿಯ ಮ್ಯಾನೇಜರ್ ಗಿರಾಕಿಗೆ ಬಾಯಿಬಿಟ್ಟೇ ಹೇಳಿದ್ದರು. ಆಮೇಲೆ ಮಂಜೂರಾಗಿದೆ ಅಂತ ಪತ್ರ ಬರೆದರು. ಮುಖ್ಯ ಕಚೇರಿ ಒಪ್ಪಿರಲಿಲ್ಲ. ಆದರೂ ಬ್ಯಾಂಕೇ ಸೋತಿತು. ಮಂಜೂರು ಮಾಡುವುದು ಬೇರೆ, ಮಂಜೂರಾದ ಸುದ್ದಿ ತಿಳಿಸುವುದು ಬೇರೆ, ಅವರ ಹುದ್ದೆಗೆ ಎರಡನೆಯದು ಸಹಜ ಅಂತ ಕೋರ್ಟಿನ ವಾದ. ಈ ಎರಡು ತೀರ್ಪುಗಳು ಒಂದೇ ಕೋಣೆಯಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ ಅಂತ ನನ್ನ ಅನಿಸಿಕೆ. ನಿಮಗೆ ಪ್ರಶ್ನೆ ಇಷ್ಟೇ: ನಿಮ್ಮ ಆಫೀಸಿನಲ್ಲಿ 'ಡೈರೆಕ್ಟರ್ ಒಪ್ಪಿದ್ದಾರೆ' ಅನ್ನುವ ಪತ್ರ ಗಿರಾಕಿಗಳಿಗೆ ಯಾರು ಕಳಿಸುತ್ತಾರೆ? ಯಾವಾಗಲೂ ನೀವೇ ಆಗಿದ್ದರೆ ಎರಡನೆಯ ಕಾಗದ ಬಿದ್ದುಹೋಗುವ ಸಾಧ್ಯತೆ ಜಾಸ್ತಿ. ನಿಮ್ಮ ಕಡೆಯಿಂದ ಎಲ್ಲ ಸುದ್ದಿಯೂ ಮ್ಯಾನೇಜರ್ ಮೂಲಕವೇ ಹೋಗುತ್ತಿದ್ದರೆ ಅಷ್ಟು ಧೈರ್ಯ ನನಗಿಲ್ಲ.

ಈಗ ಲಾರಿಯ ವಿಷಯ. ಎಲ್ಲ ಗೊತ್ತಾದ ಮೇಲೂ ಪಂಪು ಕಳಿಸಿದಿರಿ ಅಂತಿಟ್ಟುಕೊಳ್ಳಿ, ಆರ್ಡರನ್ನು ನೀವೇ ಒಪ್ಪಿಕೊಂಡಂತೆ. ಆಮೇಲೆ ಅಧಿಕಾರ ಇರಲಿಲ್ಲ ಅನ್ನುವ ವಾದಕ್ಕೆ ಜಾಗವೇ ಇಲ್ಲ. ಒಪ್ಪಂದದಲ್ಲಿ ಸಿಹಿ ಭಾಗ ತಿಂದು ಕಹಿ ಉಗುಳುವ ಹಾಗೂ ಇಲ್ಲ: 400 ಪಂಪು ಸರಿ, 18% ಮಾತ್ರ ಬೇಡ ಅನ್ನಲಾಗದು. ಎರಡೂ ಕಾಗದ ಸೇರಿ ಒಂದೇ ವ್ಯವಹಾರ ಅಂತ ಗಿರಾಕಿ ವಾದಿಸಿದರೆ ಲಾರಿ ಎರಡನೆಯದನ್ನೂ ಎಳೆದುಕೊಂಡು ಹೋದೀತು. ಸುಮ್ಮನಿರುವುದೂ ಅಪಾಯವೇ. ನಮ್ಮ ಜಾಹೀರಾತು ವಿಭಾಗದವರು ಒಮ್ಮೆ ಹಿಂಬದಿ ರಕ್ಷಾಪುಟವನ್ನು ಇಡೀ ವರ್ಷಕ್ಕೆ ಅರ್ಧ ದರಕ್ಕೆ ಕೊಟ್ಟುಬಿಟ್ಟರು. ಮುಂದಿನ ತಿಂಗಳು ನೋಡೋಣ ಅಂತ ನಾನು ಎರಡು ಸಂಚಿಕೆ ಅಚ್ಚು ಹಾಕಿಸಿದೆ. ಮೂರನೆಯದಕ್ಕೆ ತಕರಾರು ತೆಗೆಯಲು ನನಗೆ ಮುಖವಿರಲಿಲ್ಲ.

ಮ್ಯಾನೇಜರ್ ಮೇಲೆ? ಹೇಳಿದ್ದನ್ನು ಮೀರಿದ್ದರಿಂದ ಆದ ನಷ್ಟ ಕೇಳುವ ಹಕ್ಕು ನಿಮಗಿದೆ. ಆದರೆ ನಷ್ಟ ಎಷ್ಟು ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ. 100 ಬೆಲೆಯ ಪಂಪು 90ಕ್ಕೆ ಹೋಗಬೇಕಿತ್ತು, 82ಕ್ಕೆ ಹೋಯಿತು, ಆದ್ದರಿಂದ ಪಂಪಿಗೆ 8 ನಷ್ಟ ಅನ್ನುತ್ತೀರಿ. ಇದೇ ಗಿರಾಕಿ 90ಕ್ಕೆ ಕೊಳ್ಳುತ್ತಿದ್ದರೇ? ಇಲ್ಲವಾದರೆ ಆ 8 ನಿಮ್ಮ ಕೈಗೆ ಬರುವುದೇ ಇರಲಿಲ್ಲ. ಇನ್ನು ಎರಡನೆಯ ಕಾಗದ ಬಿದ್ದರೆ ಗಿರಾಕಿ ನೇರವಾಗಿ ಮ್ಯಾನೇಜರ್ ಮೇಲೆಯೇ ಹೋಗಬಹುದು. ಇಲ್ಲದ ಅಧಿಕಾರ ಇದೆ ಅಂತ ನಂಬಿಸಿದವನು, ಪ್ರಾಮಾಣಿಕನೇ ಆಗಿದ್ದರೂ, ನಷ್ಟ ತುಂಬಬೇಕು ಅಂತ 1857ರಲ್ಲೇ ತೀರ್ಪಾಗಿದೆ.

ಇವತ್ತೇ ಗಿರಾಕಿಗೆ ನಿಮ್ಮ ಸಹಿಯಲ್ಲೇ ಒಂದು ಪತ್ರ ಹೋಗಲಿ. ಮೂರು ವರ್ಷದ ಕಾಗದಕ್ಕೆ ನಾನು ಒಪ್ಪಿಲ್ಲ, ಅದಕ್ಕೆ ಕಂಪನಿ ಬದ್ಧವಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿರಲಿ. ಆರ್ಡರಿನ ಬಗ್ಗೆ 'ಪರಿಶೀಲಿಸುತ್ತಿದ್ದೇವೆ, ಸದ್ಯ ಒಪ್ಪಿದಂತೆ ಭಾವಿಸಬೇಡಿ' ಅಂದರೆ ಸಾಕು. ಆಮೇಲೆ ಇಮೇಲುಗಳನ್ನು ತಗೊಂಡು ವಕೀಲರ ಹತ್ತಿರ ಹೋಗಿ, ಯಾಕೆಂದರೆ ಈ ನಿಯಮದ ಅಂಚುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಆ ಪತ್ರವನ್ನು ಮಾತ್ರ ಮ್ಯಾನೇಜರ್ ಕೈಲಿ ಕೊಟ್ಟು ಕಳಿಸಬೇಡಿ.

— ಸಂಪಾದಕ